ಆ್ಯಪ್ ತೋರಿಸುವ ನಷ್ಟವೂ ತೆರಿಗೆ ಒಪ್ಪುವ ನಷ್ಟವೂ

ಮಾರ್ಚ್ ಎರಡನೇ ವಾರ ದಾಟಿತೆಂದರೆ ನಮ್ಮ ಕಚೇರಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: "ಸರ್, ಆ್ಯಪ್‌ನಲ್ಲಿ ಈ ಷೇರು ಕೆಂಪಾಗಿದೆ, ಸ್ವಲ್ಪ ಮಾರಿ ನಷ್ಟ ತೋರಿಸಿ ತೆರಿಗೆ ಇಳಿಸಿಕೊಳ್ಳಲೇ?" ಕೆಂಪು ಬಣ್ಣ ಹೇಳುವುದು ಸರಾಸರಿ ಖರೀದಿ ಬೆಲೆಯ ಲೆಕ್ಕವನ್ನು; ತೆರಿಗೆಗೆ ಬೇಕಾದದ್ದು ಪ್ರತಿ ಖರೀದಿಯ ಪ್ರತ್ಯೇಕ ಲೆಕ್ಕ. ಎಷ್ಟು ಸಲ ಹೇಳಿದರೂ ಇದು ಮಾತ್ರ ತಲೆಗೆ ಹೋಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಒಂದೇ ಕಂಪನಿಯ ಷೇರುಗಳನ್ನು ಒಬ್ಬರು ತಲಾ ನೂರರಂತೆ 2021ರ ಜೂನ್‌ನಲ್ಲಿ 400 ರೂಪಾಯಿಗೆ, 2024ರ ಸೆಪ್ಟೆಂಬರ್‌ನಲ್ಲಿ 900ಕ್ಕೆ, 2025ರ ಆಗಸ್ಟ್‌ನಲ್ಲಿ 800ಕ್ಕೆ ಕೊಂಡಿದ್ದಾರೆ ಎಂದುಕೊಳ್ಳಿ. ಸರಾಸರಿ 700. 2026ರ ಮಾರ್ಚ್‌ನಲ್ಲಿ ಬೆಲೆ 600 ಇದ್ದರೆ, ನೂರು ಷೇರು ಮಾರಿದಾಗ ಹತ್ತು ಸಾವಿರ ನಷ್ಟವೆಂದು ಅವರು ನಂಬುತ್ತಾರೆ. ಆದರೆ ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋದಂತೆ ಲೆಕ್ಕ. ಆದ್ದರಿಂದ ಮಾರಾಟವಾದದ್ದು 2021ರ ಷೇರು, ಬಂದದ್ದು ಇಪ್ಪತ್ತು ಸಾವಿರ ದೀರ್ಘಾವಧಿ ಲಾಭ.

ಇವರಿಗೆ ಬೇರೆ ಷೇರಿನಿಂದ ಐವತ್ತು ಸಾವಿರ ಅಲ್ಪಾವಧಿ ಲಾಭವಿದೆ, ಅದಕ್ಕೆ ಶೇ 20 ತೆರಿಗೆ. ಇದನ್ನು ಇಳಿಸಬಲ್ಲದ್ದು ಅಲ್ಪಾವಧಿ ನಷ್ಟ ಮಾತ್ರ. ಎರಡನೇ ಖರೀದಿಯ ಮೂವತ್ತು ಸಾವಿರ ನಷ್ಟ ಹನ್ನೆರಡು ತಿಂಗಳು ದಾಟಿರುವುದರಿಂದ ದೀರ್ಘಾವಧಿಯದಾಗಿದೆ; ಅದು ದೀರ್ಘಾವಧಿ ಲಾಭಕ್ಕಷ್ಟೇ ವಜಾ ಆಗುತ್ತದೆ. ಕೆಲಸಕ್ಕೆ ಬರುವುದು ಮೂರನೆಯದರ ಇಪ್ಪತ್ತು ಸಾವಿರ, ಅದರಿಂದ ಉಳಿತಾಯವಾಗುವ ತೆರಿಗೆ ಸೆಸ್ ಬಿಟ್ಟು 4,000 ರೂಪಾಯಿ. ಆದರೆ ಅದು ಸಾಲಿನ ಕೊನೆಯಲ್ಲಿ ನಿಂತಿದೆ. ಮುನ್ನೂರನ್ನೂ ಮಾರಿದರೆ ಮೊದಲಿನ ಲಾಭವನ್ನು ಎರಡನೆಯದರ ನಷ್ಟ ನುಂಗಿ, ಹತ್ತು ಸಾವಿರ ದೀರ್ಘಾವಧಿ ನಷ್ಟ ಉಳಿಯುತ್ತದೆ. ಆದಾಯ ತೆರಿಗೆ ವಿವರಪಟ್ಟಿಯನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಹಾಗಾಗಿ ಇಲ್ಲಿ ಸ್ವಲ್ಪ ಮಾರುವುದು ತಪ್ಪು, ಪೂರ್ತಿ ಮಾರುವುದು ಸರಿಯಿರಬಹುದು. ಇರಬಹುದು ಎನ್ನುತ್ತೇನೆ, ಏಕೆಂದರೆ ಅವರ ಉಳಿದ ವಹಿವಾಟು ನೋಡದೆ ಖಚಿತವಾಗಿ ಹೇಳಲಾಗದು.

ಮೊದಲು ಬಂದದ್ದು ಮೊದಲು ಎಂಬ ಲೆಕ್ಕ ಪ್ರತಿ ಡಿಮ್ಯಾಟ್ ಖಾತೆಗೂ ಬೇರೆ ಬೇರೆ. ಮೂರನೇ ಖರೀದಿ ಇನ್ನೊಂದು ಖಾತೆಯಲ್ಲಿದ್ದಿದ್ದರೆ ಅದನ್ನಷ್ಟೇ ಮಾರಬಹುದಿತ್ತು. ಹೀಗಾಗಿ ಎಲ್ಲ ಖಾತೆಗಳ ಷೇರನ್ನು ಒಟ್ಟುಗೂಡಿಸಿ ತೋರಿಸುವ ಪಟ್ಟಿ ನನಗೆ ಪ್ರಯೋಜನಕ್ಕೆ ಬಾರದು.

ಮಾರಿದ್ದನ್ನು ಮರಳಿ ಕೊಳ್ಳಲು ನಮ್ಮಲ್ಲಿ ಸದ್ಯ ನೇರ ನಿಷೇಧವಿಲ್ಲ. ಆದರೆ ಅದೇ ದಿನ ಅದೇ ಖಾತೆಯಲ್ಲಿ ಕೊಂಡರೆ ಅದು ಇಂಟ್ರಾಡೇ ಆಗಿ, ಹುಡುಕಿದ ನಷ್ಟ ಕೈಗೆ ಸಿಗದು. ಮಾರನೆಯ ದಿನದ ಬೆಲೆ ಏರಿದ್ದರೆ ಉಳಿಸಿದ ತೆರಿಗೆ ಅಲ್ಲೇ ಕರಗುತ್ತದೆ. ಹೊಸ ಖರೀದಿಗೆ ಹನ್ನೆರಡು ತಿಂಗಳ ಎಣಿಕೆಯೂ ಮೊದಲಿನಿಂದ ಶುರು. ಆದ್ದರಿಂದ ಕರೆ ಮಾಡುವ ಮೊದಲು ಹೋಲ್ಡಿಂಗ್ ಪಟ್ಟಿಯ ಫೋಟೊ ಬೇಡ, ಖರೀದಿ ದಿನಾಂಕಗಳಿರುವ ವಹಿವಾಟಿನ ವಿವರವನ್ನು ಖಾತೆವಾರು ಕಳುಹಿಸಿ; ಸಾಧ್ಯವಾದರೆ ಮಾರ್ಚ್ 30ರ ಸಂಜೆಗೆ ಮೊದಲೇ.