ಮನಸ್ಸು ಕಮ್ಮಿ ಇರುವ ಗಂಡಸರು: ಕಾಯಿಲೆ ಯಾವುದು, ಸ್ವಭಾವ ಯಾವುದು

ಆಪ್ತಸಮಾಲೋಚನೆ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ನಾವು ಕೆಲಸ ಮಾಡುವುದು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಜನರ ಜೊತೆ. ಮನೆಯಲ್ಲಿ ಕನ್ನಡವೋ ತುಳುವೋ, ಪೇಟೆಯಲ್ಲಿ ಮಲಯಾಳ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ. ಲೈಂಗಿಕ ಆಸಕ್ತಿಯ ಮಾತು ಬಂದರೆ ಈ ಯಾವ ಭಾಷೆಯಲ್ಲೂ ಬಾಯಿ ಬರುವುದಿಲ್ಲ. ಕೊನೆಗೆ ಹೆಂಡತಿಯೇ ತಲೆ ತಗ್ಗಿಸಿ, "ಇವರಿಗೆ ಅದರಲ್ಲಿ ಮನಸ್ಸು ಕಮ್ಮಿ" ಅನ್ನುತ್ತಾಳೆ. ನಮ್ಮ ಕೆಲಸ ಶುರುವಾಗುವುದು ಆ "ಕಮ್ಮಿ" ಎಂಬ ಮಾತಿನಿಂದ. ಕಮ್ಮಿ ಎಂದರೆ ಯಾವಾಗಿನಿಂದ? ಯಾರ ಅಳತೆಯಲ್ಲಿ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಸಕ್ತಿ ಬೇರೆ, ನಿಮಿರುವಿಕೆ ಬೇರೆ. ಮನಸ್ಸು ತುಂಬಾ ಇದ್ದೂ ದೇಹ ಒಪ್ಪದವರಿದ್ದಾರೆ. ದೇಹ ಸರಿಯಾಗಿದ್ದೂ ಮನಸ್ಸು ಏಳದವರಿದ್ದಾರೆ. ಊರಿನವರು ಇಬ್ಬರನ್ನೂ "ಗಂಡಸ್ತನ ಇಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಮಿರುವಿಕೆಗೆಂದು ಕೊಡುವ ಸಿಲ್ಡೆನಾಫಿಲ್ ಮಾತ್ರೆ ಕೆಲಸ ಮಾಡುವುದು ರಕ್ತದ ಹರಿವಿನ ಮೇಲೆ, ಅದು ಆಸೆ ಹುಟ್ಟಿಸುವುದಿಲ್ಲ. ಎರಡನೆಯ ಗುಂಪಿನವರು ಅದನ್ನು ತೆಗೆದುಕೊಂಡು ಏನೂ ಬದಲಾಗದಿದ್ದಾಗ, "ಮಾತ್ರೆಯೂ ನಾಟಲಿಲ್ಲ, ನನ್ನದು ದೊಡ್ಡ ಕಾಯಿಲೆಯೇ ಇರಬೇಕು" ಎಂದು ಇನ್ನೂ ಕುಗ್ಗುತ್ತಾರೆ.

ಈಗ ಒಂದು ಉದಾಹರಣೆ. ಇದು ಯಾರೋ ಒಬ್ಬರ ಕಥೆಯಲ್ಲ, ಕಲಿಕೆಗೆಂದು ನಾನು ಕಟ್ಟಿಕೊಂಡದ್ದು. ಗಂಡನಿಗೆ 37, ಹೆಂಡತಿಗೆ 31. ಎರಡು ಎಕ್ರೆ ಅಡಿಕೆ ತೋಟ. ಮದುವೆಯಾಗಿ ಐದು ವರ್ಷ, ಮಗಳಿಗೆ ಮೂರು. ಮೊದಲ ವರ್ಷದಲ್ಲೂ ಅವರು ಸೇರುತ್ತಿದ್ದದ್ದು ತಿಂಗಳಿಗೊಮ್ಮೆ. ಈಗ ನಾಲ್ಕು ತಿಂಗಳಿಂದ ಅದೂ ಇಲ್ಲ. ಹೆಂಡತಿ ಹೇಳುವ ಒಂದು ವಿಷಯವನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ: "ಊಟ ಆದ ಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯಲಿಕ್ಕೆ ಕೂತುಕೊಳ್ಳುತ್ತಾರೆ. ಕೋಣೆಯ ಲೈಟು ಆರಿದ ಮೇಲೆಯೇ ಒಳಗೆ ಬರುವುದು." ಅವಳಿಗೆ ಅನ್ನಿಸಿದ್ದು, ತಾನು ಅವನಿಗೆ ಇಷ್ಟವಿಲ್ಲ ಎಂದು.

ಇಂಥಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಏನು ಹೇಳುತ್ತದೆ ನೋಡಿ. 2013ರಲ್ಲಿ ಬಂದ ಈ ಆವೃತ್ತಿಯಲ್ಲಿ ಗಂಡಸರ ಆಸಕ್ತಿ ಕೊರತೆಗೆಂದೇ ಒಂದು ರೋಗನಿರ್ಣಯ ಇದೆ. ಲೈಂಗಿಕ ಯೋಚನೆ, ಕಲ್ಪನೆ, ಆಸೆ ಇವು ಸುಮಾರು ಆರು ತಿಂಗಳಾದರೂ ತೀರಾ ಕಡಿಮೆ ಇರಬೇಕು. ಅದರಿಂದ ಆ ವ್ಯಕ್ತಿಗೇ ಗಣನೀಯವಾದ ಸಂಕಟ ಆಗಬೇಕು. ಬೇರೆ ಮಾನಸಿಕ ಕಾಯಿಲೆ, ಔಷಧಿ, ದೇಹದ ರೋಗ, ಸಂಬಂಧದಲ್ಲಿನ ತೀವ್ರ ಬಿರುಕು ಇವುಗಳಿಂದ ಬಂದದ್ದಾಗಿರಬಾರದು. ಇದರಲ್ಲಿ "ಆ ವ್ಯಕ್ತಿಗೇ" ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಂದಿನ ಆವೃತ್ತಿಯಲ್ಲಿ ಸ್ವಂತ ಸಂಕಟ ಅಥವಾ ಸಂಬಂಧದಲ್ಲಿ ತೊಡಕು, ಎರಡರಲ್ಲಿ ಒಂದಿದ್ದರೆ ಸಾಕಿತ್ತು. ಅಂದರೆ ಹೆಂಡತಿಗೆ ಬೇಸರವಾದರೂ ಗಂಡನಿಗೆ ಕಾಯಿಲೆಯ ಹೆಸರು ಅಂಟಬಹುದಿತ್ತು. ಈಗ ಹಾಗಿಲ್ಲ. ಒಬ್ಬರಿಗೆ ಜಾಸ್ತಿ ಬೇಕು, ಇನ್ನೊಬ್ಬರಿಗೆ ಕಡಿಮೆ ಸಾಕು ಎಂಬ ವ್ಯತ್ಯಾಸ ಮಾತ್ರಕ್ಕೇ ಇದು ಕಾಯಿಲೆ ಆಗುವುದಿಲ್ಲ. ತಾನು ಅಲೈಂಗಿಕ ಸ್ವಭಾವದವನು, ಅಂದರೆ ಯಾರ ಮೇಲೂ ಲೈಂಗಿಕ ಸೆಳೆತ ಇಲ್ಲದವನು ಎಂದು ಗುರುತಿಸಿಕೊಂಡವನಿಗೂ ಈ ಹೆಸರು ಹಚ್ಚಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರಿಂದ ಜಾರಿಯಲ್ಲಿರುವ ಈ ಪಟ್ಟಿ ಇಂಥ ತೊಂದರೆಗಳನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು, ಲೈಂಗಿಕ ಆರೋಗ್ಯದ ಬೇರೆ ಅಧ್ಯಾಯಕ್ಕೆ ಸೇರಿಸಿದೆ. ವಾರಕ್ಕೆ ಎಷ್ಟು ಸಲ ಎಂಬ ಸರಿಯಾದ ಲೆಕ್ಕ ಯಾವುದೂ ಇಲ್ಲ, ತನ್ನ ರೀತಿಯಲ್ಲಿ ತೃಪ್ತನಾಗಿರುವವನಿಗೆ ರೋಗದ ಹೆಸರು ಕೊಡಬೇಡಿ ಎಂಬುದು ಅದರ ನಿಲುವು.

ಹಾಗಾದರೆ ಅವನ ಸಂಕಟ ಅವನದೇ ಹೌದೋ ಎಂದು ತಿಳಿಯುವುದು ಹೇಗೆ? ನನಗೆ ಅತ್ಯಂತ ಉಪಯುಕ್ತ ಅನ್ನಿಸಿದ್ದು ಒಂದು ಪ್ರಶ್ನೆ. ಇದನ್ನು ಗಂಡನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಬೇಕು: "ನಿಮ್ಮ ಹೆಂಡತಿಗೂ ನಿಮ್ಮಷ್ಟೇ ಮನಸ್ಸು ಇದ್ದಿದ್ದರೆ, ಆಗಲೂ ಇದು ಬದಲಾಗಬೇಕು ಅನ್ನಿಸುತ್ತಿತ್ತಾ?" ನಮ್ಮ ಉದಾಹರಣೆಯ ಗಂಡ ಹೇಳುವುದು ಹೀಗೆ: "ಹಾಗಿದ್ದರೆ ನನಗೆ ಏನೂ ತೊಂದರೆ ಇರಲಿಲ್ಲ ಮೇಡಂ. ಅವಳು ಅಳುವುದು ನೋಡಲಿಕ್ಕೆ ಆಗುವುದಿಲ್ಲ, ಅಷ್ಟೇ." ಅವನಿಗೆ ಸಂಕಟ ಇದೆ, ಸುಳ್ಳಲ್ಲ. ಆದರೆ ಅದು ಆಸೆ ಇಲ್ಲದ್ದರಿಂದ ಹುಟ್ಟಿದ್ದಲ್ಲ. ಹೆಂಡತಿಯ ನೋವಿನಿಂದ, ತನಗೇ ಆಗುವ ನಾಚಿಕೆಯಿಂದ ಹುಟ್ಟಿದ್ದು.

ಮುಂದಿನ ಪ್ರಶ್ನೆ, ಯಾವಾಗಿನಿಂದ ಎಂಬುದು. ಹದಿನೇಳು, ಹದಿನೆಂಟರ ವಯಸ್ಸಿಗೆ ಹೋಗಿ ಕೇಳಬೇಕು. ಗೆಳೆಯರು ಹುಡುಗಿಯರ ಬಗ್ಗೆ ಮಾತಾಡುವಾಗ ಹೇಗಿತ್ತು? ಹಸ್ತಮೈಥುನ ಎಷ್ಟು ದಿನಕ್ಕೊಮ್ಮೆ? ಕನಸು, ಕಲ್ಪನೆ? ಇವನು ಆಗಲೂ ಹೀಗೇ ಇದ್ದ. ಎರಡು ಮೂರು ವಾರಕ್ಕೊಮ್ಮೆ, ಅದೂ ಒಂದು ಅಭ್ಯಾಸದ ಹಾಗೆ. ಹೆಂಡತಿಯ ಮೇಲೆ ಮನಸ್ಸಿಲ್ಲ, ಬೇರೆ ಕಡೆ ಇದೆ ಎಂಬುದೂ ಇಲ್ಲಿ ಕಾಣುವುದಿಲ್ಲ. ಇದನ್ನು ಒಂಟಿಯಾಗಿ ಕೇಳಲು ಇನ್ನೊಂದು ಕಾರಣ ಇದೆ. ಗಂಡಸರ ಮೇಲೆ ಮನಸ್ಸಿದ್ದು, ಮನೆಯವರ ಒತ್ತಾಯಕ್ಕೆ ಹೆಣ್ಣನ್ನು ಮದುವೆಯಾದವನೂ ಹೊರಗಿನಿಂದ "ಆಸಕ್ತಿ ಇಲ್ಲದವನ" ಹಾಗೇ ಕಾಣುತ್ತಾನೆ. ಅವನಲ್ಲಿ ಆಸೆ ಕಡಿಮೆ ಇಲ್ಲ. ಅದರ ದಿಕ್ಕು ಬೇರೆ.

ಇವನ ಪಕ್ಕದಲ್ಲಿ ಇನ್ನೊಬ್ಬನನ್ನು ಇಟ್ಟು ನೋಡಿ. ಗಲ್ಫಿನಿಂದ ವಾಪಸು ಬಂದವನು, 42 ವರ್ಷ. 39ರ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ವರ್ಷದೊಳಗೆ ಆಸೆ ಆರಿಹೋಯಿತು. ಬೆಳಗಿನ ನಿಮಿರುವಿಕೆ ನಿಂತಿತು, ಆಗಾಗ ತಲೆನೋವು. ಊರಿಗೆ ಬಂದ ಮೇಲೆ ಕೆಲಸವಿಲ್ಲದ ಚಿಂತೆ ಎಂದು ಎಲ್ಲರೂ ಸುಮ್ಮನಾದರು. ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಕ್ಯಾನಿನಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ. ಕ್ಯಾನ್ಸರ್ ಅಲ್ಲ. ಇಂಥ ಗಡ್ಡೆ ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆಗೆ ಕುಗ್ಗುತ್ತದೆ, ಆಸಕ್ತಿಯೂ ಮರಳಬಹುದು. ಇವನಿಗೆ "ನಿಮ್ಮ ಸ್ವಭಾವ ಹೀಗೇ, ಒಪ್ಪಿಕೊಳ್ಳಿ" ಎಂದು ನಾವು ಸಾಂತ್ವನ ಹೇಳಿ ಕಳಿಸಿದ್ದರೆ ಅದು ಅನ್ಯಾಯ ಆಗುತ್ತಿತ್ತು. ಹಾಗಾಗಿ ಮೊದಲಿದ್ದ ಆಸೆ ಹೋಗಿದೆ ಎಂದರೆ, ಮಾತಿಗೆ ಮೊದಲು ಡಾಕ್ಟರ ಹತ್ತಿರ ಕಳಿಸಿ. ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಕುಡಿತ, ಥೈರಾಯ್ಡ್, ಸಕ್ಕರೆ ಕಾಯಿಲೆ ಎಲ್ಲವೂ ಈ ಸಾಲಿನಲ್ಲೇ ಬರುತ್ತವೆ.

ನಮ್ಮ ತೋಟದ ಮನುಷ್ಯನಿಗೂ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಟೆಸ್ಟೋಸ್ಟೆರಾನ್ ಬೆಳಿಗ್ಗೆಯೇ ನೋಡಬೇಕು, ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಬೆಳಿಗ್ಗೆ ಮತ್ತೆ ನೋಡದೆ ತೀರ್ಮಾನ ಮಾಡಬಾರದು. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತದೆ. ಇವನದು 460 ಬಂತು ಎಂದಿಟ್ಟುಕೊಳ್ಳಿ, ಉಳಿದವೂ ಸರಿ. ಇಲ್ಲಿಗೆ ಹುಡುಕಾಟ ನಿಲ್ಲಬೇಕು. "ಇರಲಿ, ಸ್ವಲ್ಪ ಶಕ್ತಿ ಬರಲಿ" ಎಂದು ಸುಮ್ನೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವುದು ತಪ್ಪು. ಹೊರಗಿನಿಂದ ಕೊಟ್ಟ ಹಾರ್ಮೋನು ವೃಷಣದಲ್ಲಿ ವೀರ್ಯಾಣು ಆಗುವುದನ್ನೇ ತಗ್ಗಿಸುತ್ತದೆ. ಇವರಿಗೆ ಎರಡನೆಯ ಮಗು ಬೇಕು ಎಂಬ ಆಸೆಯೂ ಇದೆ ಎಂದಿಟ್ಟುಕೊಳ್ಳಿ.

ಈಗ ಜಗಲಿಗೆ ವಾಪಸು ಹೋಗೋಣ. ಅವನು ಕೋಣೆಗೆ ಯಾಕೆ ಬರುವುದಿಲ್ಲ? ಹೆಂಡತಿಯ ಕೈ ಹಿಡಿದರೆ ಅದು ಮುಂದಕ್ಕೆ ಹೋಗಬೇಕಾಗುತ್ತದೆ ಎಂಬ ಭಯ. ಮುಂದಕ್ಕೆ ಹೋಗಲು ಮನಸ್ಸಿಲ್ಲ, ಬೇಡ ಎಂದರೆ ಅವಳಿಗೆ ನೋವು. ಹಾಗಾಗಿ ಕೈ ಹಿಡಿಯುವುದನ್ನೇ ಬಿಟ್ಟ. ಪಕ್ಕ ಕೂರುವುದನ್ನು ಬಿಟ್ಟ. ತಿಂಗಳಿಗೊಮ್ಮೆ ಇದ್ದದ್ದು ನಾಲ್ಕು ತಿಂಗಳಿಗೂ ಇಲ್ಲವಾದದ್ದು ಹೀಗೆ. ಅಂದರೆ ಮೊದಲಿನಿಂದ ಇರುವ ಸ್ವಭಾವದ ಮೇಲೆ, ತಪ್ಪಿಸಿಕೊಳ್ಳುವ ಹೊಸ ಅಭ್ಯಾಸ ಒಂದು ಪದರವಾಗಿ ಕೂತಿದೆ. ಸ್ವಭಾವವನ್ನು ನಾವು ಮುಟ್ಟುವುದಿಲ್ಲ. ಈ ಪದರವನ್ನು ಬಿಡಿಸಬಹುದು. ಹೆಂಡತಿಯನ್ನು ಕೇಳಿದರೆ ಅವಳು ಹೆಚ್ಚು ಕಳೆದುಕೊಂಡದ್ದೂ ಆ ಮುಟ್ಟುವಿಕೆಯನ್ನೇ.

ಆದ್ದರಿಂದ ಮೊದಲ ಆರು ವಾರಕ್ಕೆ ಇಬ್ಬರೂ ಸೇರಿ ಒಂದು ಮಾತು ಮಾಡಿಕೊಳ್ಳುತ್ತಾರೆ. ವಾರದಲ್ಲಿ ಮೂರು ರಾತ್ರಿ ಲೈಟು ಆರುವ ಮೊದಲೇ ಅವನು ಒಳಗೆ ಬರಬೇಕು. ಪಕ್ಕ ಮಲಗುವುದು, ತಬ್ಬಿಕೊಳ್ಳುವುದು, ಬೆನ್ನು ನೇವರಿಸುವುದು, ಅಷ್ಟೇ. ಅದರ ಮುಂದೆ ಇಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಬೇಕು. 1970ರಲ್ಲಿ ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಜನರಿಗೆ ಪರಿಚಯಿಸಿದ ಸ್ಪರ್ಶದ ಅಭ್ಯಾಸದ ಸರಳ ರೂಪ ಇದು. ಇಲ್ಲಿ ಕೆಡುವುದು ಒಂದೇ ಕಡೆ: ಎರಡನೆಯ ವಾರದಲ್ಲಿ, "ಇವತ್ತು ಹೇಗೂ ಹತ್ತಿರ ಇದ್ದೇವಲ್ಲ" ಎಂದು ಒಬ್ಬರು ಗೆರೆ ದಾಟುತ್ತಾರೆ. ಮರುದಿನ ಅವನು ಮತ್ತೆ ಜಗಲಿಯಲ್ಲಿ. ಹಾಗಾದರೆ ಯಾರನ್ನೂ ಬೈಯದೆ ಮೊದಲಿನಿಂದ ಶುರು ಮಾಡಿಸಿ.

ಆಮೇಲೆ ಕೂಡುವ ಮಾತು. ಕೆಲವರಿಗೆ ಆಸೆ ಮೊದಲು ಬಂದು ಸ್ಪರ್ಶ ಆಮೇಲೆ. ಇನ್ನು ಕೆಲವರಿಗೆ ಸ್ಪರ್ಶದ ನಂತರ ಆಸೆ ನಿಧಾನಕ್ಕೆ ಏಳುತ್ತದೆ. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ ಇದನ್ನು 2000ದಲ್ಲಿ ಹೆಂಗಸರ ವಿಷಯದಲ್ಲಿ ವಿವರಿಸಿದರು, ಗಂಡಸರಲ್ಲೂ ಇಂಥವರಿದ್ದಾರೆ. ಇವನು ಹಾಗೆ ಎಂದು ಗೊತ್ತಾದರೆ, "ಆಸೆ ಬರಲಿ ಎಂದು ಕಾಯುವುದು" ಬಿಟ್ಟು "ಇವತ್ತು ಒಪ್ಪಿಗೆ ಇದೆಯಾ" ಎಂದು ಕೇಳಿಕೊಳ್ಳಬಹುದು. ಆದರೆ ಎಚ್ಚರ. ಒಪ್ಪಿಗೆ ಎಂದರೆ ಹಲ್ಲು ಕಚ್ಚಿಕೊಂಡು ಮಾಡುವುದಲ್ಲ. ಗಂಡಸಿಗೂ ಬೇಡ ಅನ್ನುವ ಹಕ್ಕು ಇದೆ. ಬಲವಂತಕ್ಕೆ ಒಗ್ಗಿಸಿದರೆ ಬರಿಯ ಕಡಿಮೆ ಆಸಕ್ತಿ ಜಿಗುಪ್ಸೆಯಾಗಿ ತಿರುಗುತ್ತದೆ.

ಇಷ್ಟೆಲ್ಲ ಆದ ಮೇಲೂ ಇವರಿಬ್ಬರ ನಡುವೆ ಅಂತರ ಉಳಿಯುತ್ತದೆ. ಅವಳಿಗೆ ವಾರಕ್ಕೊಮ್ಮೆ ಬೇಕು, ಅವನಿಗೆ ತಿಂಗಳಿಗೊಮ್ಮೆ ಸಾಕು. ಮೂರು ವಾರಕ್ಕೊಮ್ಮೆ ಎಂಬಲ್ಲಿಗೆ ಬಂದು ನಿಂತರೆ ಅದನ್ನು ನಾನು ಸೋಲು ಅನ್ನುವುದಿಲ್ಲ. ಒಪ್ಪಿಕೊಳ್ಳುವುದು ಎಂದರೆ ಅವಳ ಬೇಡಿಕೆ ಸುಳ್ಳು ಎಂದು ಅವಳನ್ನು ನಂಬಿಸುವುದೂ ಅಲ್ಲ. ಹೆಂಡತಿಯನ್ನೂ ಒಬ್ಬಳನ್ನೇ ಕೂರಿಸಿ ಕೇಳಿ: "ಇದು ಹೀಗೇ ಇರುತ್ತದೆ ಎಂದು ಗೊತ್ತಾದ ಮೇಲೆ ನಿಮಗೆ ಇದರಲ್ಲಿ ಬಾಳಲಿಕ್ಕೆ ಆಗುತ್ತದಾ?" ಅತ್ತೆಯ ಎದುರಲ್ಲಿ, ಗಂಡನ ಎದುರಲ್ಲಿ ಅವಳು ಹೌದು ಎಂದೇ ಹೇಳುತ್ತಾಳೆ. ಇಲ್ಲ ಅನ್ನಲು ಅವಳಿಗೆ ಜಾಗ ಸಿಗುವುದು ನಮ್ಮ ಆ ಸಣ್ಣ ಕೋಣೆಯಲ್ಲಿ ಮಾತ್ರ.

ಮದುವೆಗೆ ಮೊದಲೇ ತನ್ನ ಸ್ವಭಾವ ಗೊತ್ತಿರುವ ಹುಡುಗ ಬಂದರೆ, ಹೆಣ್ಣು ನೋಡಿ ಮಾತುಕತೆ ಮುಗಿಯುವ ಮೊದಲು ಅದನ್ನು ಹುಡುಗಿಗೇ ನೇರವಾಗಿ ಹೇಳಲು ತಯಾರು ಮಾಡಿ. "ನನಗೆ ಆ ವಿಷಯದಲ್ಲಿ ಮನಸ್ಸು ಮೊದಲಿನಿಂದಲೂ ಕಡಿಮೆ. ಪ್ರೀತಿ ಕಡಿಮೆ ಇಲ್ಲ. ನೀವು ಯೋಚನೆ ಮಾಡಿ ಹೇಳಿ." ಈ ಮೂರು ವಾಕ್ಯ ಹೇಳಲು ಒಬ್ಬ ಹುಡುಗನಿಗೆ ನಾಲ್ಕು ಭೇಟಿಗಳ ಅಭ್ಯಾಸ ಬೇಕಾದರೂ ಬೇಕಾಗಬಹುದು. ಆ ಸಮಯ ಕೊಡಿ.