ಆವಿಯಾದ ಒಂದು ಗ್ರಾಂ ಎಲ್ಲಿ ಹೋಯಿತು? ರಸಾಯನ ವಿಜ್ಞಾನದ ಪೂರ್ವಪರೀಕ್ಷೆಯ ಒಂದು ಪ್ರಶ್ನೆಯ ಹಿನ್ನೆಲೆ

ರಸಾಯನ ವಿಜ್ಞಾನದ ಘಟಕವೊಂದನ್ನು ಆರಂಭಿಸುವ ಮೊದಲು ಕೊಡುವ ನೈದಾನಿಕ ಪ್ರಶ್ನೆಗಳು ನೋಡಲು ಸಾಮಾನ್ಯ ಬಹು ಆಯ್ಕೆಯ ಪ್ರಶ್ನೆಗಳಂತೆಯೇ ಇರುತ್ತವೆ. ವ್ಯತ್ಯಾಸವಿರುವುದು ತಪ್ಪು ಆಯ್ಕೆಗಳಲ್ಲಿ. ಸಾಮಾನ್ಯ ಪರೀಕ್ಷೆಯಲ್ಲಿ ತಪ್ಪು ಆಯ್ಕೆಗಳನ್ನು ಪ್ರಶ್ನೆ ಬರೆಯುವವರು ತಮ್ಮ ಊಹೆಯಿಂದ ಹೊಂದಿಸಿ ಜಾಗ ತುಂಬುತ್ತಾರೆ; ನೈದಾನಿಕ ಪ್ರಶ್ನೆಯಲ್ಲಿ ಪ್ರತಿಯೊಂದು ತಪ್ಪು ಆಯ್ಕೆಯೂ ವಿದ್ಯಾರ್ಥಿಗಳು ನಿಜವಾಗಿಯೂ ನಂಬಿರುವ ಒಂದು ವಿಚಾರವಾಗಿರಬೇಕು. ಈ ನಿಯಮ ರೂಪುಗೊಂಡ ಬಗೆಯನ್ನು ವಸ್ತುವಿನ ಸ್ಥಿತಿ ಬದಲಾವಣೆಯ ಒಂದೇ ಪ್ರಶ್ನೆಯ ಬೆನ್ನು ಹಿಡಿದು ನೋಡಬಹುದು.

ಕಲಿಯುವವನಿಗೆ ಈಗಾಗಲೇ ಏನು ಗೊತ್ತಿದೆಯೋ ಅದೇ ಕಲಿಕೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುತ್ತದೆ, ಆದ್ದರಿಂದ ಮೊದಲು ಅದನ್ನು ತಿಳಿದುಕೊಂಡು ಆಮೇಲೆ ಕಲಿಸಬೇಕು ಎಂದು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲಿ ಬರೆದರು. ಆದರೆ ತಿಳಿದುಕೊಳ್ಳುವುದು ಹೇಗೆ ಎಂಬುದು ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಮುಂದಿನ ಒಂದೂವರೆ ದಶಕ ಸಂಶೋಧಕರು ಹೆಚ್ಚಾಗಿ ನೆಚ್ಚಿಕೊಂಡಿದ್ದು ಮಕ್ಕಳೊಡನೆ ಎದುರುಬದುರು ಕುಳಿತು ನಡೆಸುವ ಸಂದರ್ಶನವನ್ನು. ನ್ಯೂಜಿಲೆಂಡಿನ ರೋಜರ್ ಆಸ್ಬಾರ್ನ್ ಮತ್ತು ಮಾರ್ಕ್ ಕಾಸ್ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯದು. ಕುದಿಯುವ ನೀರಿನ ಗುಳ್ಳೆಗಳಲ್ಲಿ ಏನಿದೆ ಎಂದು ಕೇಳಿದಾಗ ನೀರಾವಿ ಎಂದವರ ಜೊತೆಗೆ ಗಾಳಿ ಎಂದವರೂ, ಶಾಖ ಎಂದವರೂ, ಆಮ್ಲಜನಕ ಮತ್ತು ಜಲಜನಕ ಎಂದವರೂ ಇದ್ದರು. ಕೊನೆಯ ಉತ್ತರ ಗಮನಾರ್ಹ, ಏಕೆಂದರೆ ನೀರಿನ ಸೂತ್ರವನ್ನು ಕಲಿಯದವರಿಗೆ ಅದು ಹೊಳೆಯುವಂತಿಲ್ಲ. ಅಂದರೆ ಕೆಲವು ತಪ್ಪುಕಲ್ಪನೆಗಳು ಪಾಠದ ನಂತರವೇ ಹುಟ್ಟುತ್ತವೆ.

ಸಂದರ್ಶನದಿಂದ ಸಿಗುವ ಮಾಹಿತಿ ಸಮೃದ್ಧ, ಆದರೆ ಮುಂದಿನ ವಾರ ಪಾಠ ಆರಂಭಿಸಬೇಕಾದ ಶಿಕ್ಷಕರಿಗೆ ತರಗತಿಯ ಪ್ರತಿಯೊಬ್ಬರನ್ನೂ ಅರ್ಧ ಗಂಟೆ ಮಾತನಾಡಿಸಲು ಸಾಧ್ಯವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ವಿವರಿಸಿದ ಎರಡು ಹಂತದ ಪ್ರಶ್ನೆ ಈ ತೊಡಕಿಗೆ ಪರಿಹಾರವಾಗಿ ಬಂದಿತು. ಮೊದಲ ಹಂತದಲ್ಲಿ ಏನಾಗುತ್ತದೆ ಎಂದೂ, ಎರಡನೆಯ ಹಂತದಲ್ಲಿ ಏಕೆ ಎಂದೂ ಕೇಳಲಾಗುತ್ತದೆ. ಎರಡಕ್ಕೂ ಆಯ್ಕೆಗಳಿರುತ್ತವೆ, ಎರಡೂ ಸರಿಯಿದ್ದರೆ ಮಾತ್ರ ಉತ್ತರ ಸರಿ. ಅವರು ಸೂಚಿಸಿದ ಕ್ರಮದಲ್ಲಿ ಮೊದಲು ಘಟಕದ ವಿಷಯವನ್ನು ಚಿಕ್ಕ ಚಿಕ್ಕ ಹೇಳಿಕೆಗಳಾಗಿ ಬಿಡಿಸಿಕೊಳ್ಳಬೇಕು, ಆಮೇಲೆ ಸಂದರ್ಶನ ಮತ್ತು ಬರಹದ ಉತ್ತರಗಳಿಂದ ವಿದ್ಯಾರ್ಥಿಗಳ ಕಾರಣಗಳನ್ನು ಕಲೆಹಾಕಬೇಕು, ಆಯ್ಕೆಗಳನ್ನು ಬರೆಯುವುದು ಕೊನೆಗೆ. ಎರಡನೆಯ ಹೆಜ್ಜೆಯನ್ನು ಹಾರಿಸಿ ಬರೆದ ಪ್ರಶ್ನೆಯನ್ನು ಗುರುತಿಸುವುದು ಕಷ್ಟವಲ್ಲ: ಅದರ ಕಾರಣಗಳಲ್ಲಿ ಒಂದೆರಡನ್ನು ಯಾರೂ ಆರಿಸಿಯೇ ಇರುವುದಿಲ್ಲ.

ಇಸ್ರೇಲಿನ ರೂತ್ ಸ್ಟಾವಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಮುಚ್ಚಿದ ನಳಿಕೆಯಲ್ಲಿ ಅಸಿಟೋನ್ ಆವಿಯಾದಾಗ ಅದರ ತೂಕ ಹಾಗೆಯೇ ಉಳಿಯುತ್ತದೆ ಎಂದು ಒಪ್ಪದ ಮಕ್ಕಳಲ್ಲಿ ಅನೇಕರು ಅಯೋಡಿನ್ ಅನಿಲವಾದಾಗ ಒಪ್ಪಿದರು. ಅಸಿಟೋನಿನ ಆವಿ ಕಣ್ಣಿಗೆ ಕಾಣುವುದಿಲ್ಲ, ಅಯೋಡಿನ್ನಿನ ಆವಿ ನೇರಳೆ ಬಣ್ಣದಲ್ಲಿ ಕಾಣುತ್ತದೆ. ಕಂಡದ್ದಕ್ಕೆ ತೂಕವಿದೆ, ಕಾಣದ್ದಕ್ಕೆ ಇಲ್ಲ. ಪ್ರಶ್ನೆಗೆ ಯಾವ ಪದಾರ್ಥವನ್ನು ಆರಿಸುತ್ತೇವೆ ಎಂಬುದೇ ತಪ್ಪುಕಲ್ಪನೆಯನ್ನು ಹೊರಗೆಳೆಯಬಹುದು ಅಥವಾ ಮುಚ್ಚಿಡಬಹುದು ಎಂದಾಯಿತು. ಅಮೆರಿಕದ ಡಗ್ಲಸ್ ಮುಲ್ಫರ್ಡ್ ಮತ್ತು ವಿಲಿಯಂ ರಾಬಿನ್ಸನ್ 2002ರಲ್ಲಿ ಪ್ರಕಟಿಸಿದ 22 ಪ್ರಶ್ನೆಗಳ ಪಟ್ಟಿಯಲ್ಲಿ ಮುಚ್ಚಿದ ನಳಿಕೆಯ ಅಯೋಡಿನ್ ಮತ್ತೆ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಅದು ಸಾಕಾಗಬಹುದು. ಶಾಲೆಯ ತರಗತಿಗೆ ಅಸಿಟೋನನ್ನೇ ಆರಿಸುವುದು ಮೇಲು ಎಂದು ನನಗನ್ನಿಸುತ್ತದೆ.

ಹಾಗಾದರೆ ಅಂಥ ಪ್ರಶ್ನೆಯೊಂದನ್ನು ಕಟ್ಟಿ ನೋಡೋಣ. 500 ಮಿಲಿಲೀಟರಿನ ಗಟ್ಟಿ ಗಾಜಿನ ಫ್ಲಾಸ್ಕಿನಿಂದ ಗಾಳಿಯನ್ನು ತೆಗೆದು, 1 ಗ್ರಾಂ ಅಸಿಟೋನ್ ದ್ರವವನ್ನು ಹಾಕಿ ಭದ್ರವಾಗಿ ಮುಚ್ಚಲಾಗಿದೆ; ಒಟ್ಟು ತೂಕ 251 ಗ್ರಾಂ. ಅಸಿಟೋನ್ ಪೂರ್ತಿ ಆವಿಯಾಗುವವರೆಗೆ ಬಿಸಿ ಮಾಡಿದರೆ ತೂಕ ಎಷ್ಟು? ಆಯ್ಕೆಗಳು: 250 ಗ್ರಾಂ, 250ಕ್ಕಿಂತ ಹೆಚ್ಚು ಆದರೆ 251ಕ್ಕಿಂತ ಕಡಿಮೆ, ಸರಿಯಾಗಿ 251, 251ಕ್ಕಿಂತ ಹೆಚ್ಚು. ಕಾರಣದ ಹಂತದಲ್ಲಿ ನಾಲ್ಕು ಮಾತುಗಳು: ಆವಿಗೆ ತೂಕವಿಲ್ಲ, ಅದೇ ಪದಾರ್ಥ ಅನಿಲವಾದಾಗ ಹಗುರವಾಗುತ್ತದೆ, ಅಸಿಟೋನ್ ಗಾಳಿಯಾಗಿ ಬದಲಾಗಿ ಫ್ಲಾಸ್ಕಿನಲ್ಲೇ ಉಳಿಯುತ್ತದೆ, ಅಸಿಟೋನಿನ ಅವೇ ಕಣಗಳು ದೂರ ಸರಿದಿವೆ, ಯಾವುದೂ ಹೊರಹೋಗಿಲ್ಲ.

ಮೊದಲ ಹಂತವನ್ನು ಮಾತ್ರ ನೋಡಿದರೆ 251 ಎಂದವರೆಲ್ಲ ಒಂದೇ ಗುಂಪು. ಎರಡನ್ನೂ ಸೇರಿಸಿ ನೋಡಿದಾಗ, 251 ಎಂದು ಗುರುತಿಸಿ ಅಸಿಟೋನ್ ಗಾಳಿಯಾಯಿತು ಎಂಬ ಕಾರಣ ಕೊಟ್ಟವರು ಬೇರೆಯಾಗಿ ನಿಲ್ಲುತ್ತಾರೆ. ಇವರು ತೂಕವನ್ನು ಉಳಿಸಿಕೊಂಡಿದ್ದಾರೆ, ಪದಾರ್ಥವನ್ನು ಕಳೆದುಕೊಂಡಿದ್ದಾರೆ. ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ಭೇದವನ್ನು ಕಲಿಸುವಾಗ ಎಡವುವವರು ಇವರೇ. ಫ್ಲಾಸ್ಕನ್ನು ತಣ್ಣಗಾಗಿಸಿ, ಅದೇ ದ್ರವ ಗೋಡೆಯ ಮೇಲೆ ಹನಿಗಟ್ಟುವುದನ್ನು ಇವರಿಗೆ ತೋರಿಸಬೇಕು. 250 ಎಂದವರಿಗೆ ಬೇಕಾದದ್ದು ಬೇರೆ: ಅನಿಲಕ್ಕೂ ತೂಕವಿದೆ ಎಂಬ ಸಾಕ್ಷ್ಯ. ನಡುವಿನ ಆಯ್ಕೆ ಹಿಡಿದವರು ಸಾಂದ್ರತೆಯನ್ನೂ ದ್ರವ್ಯರಾಶಿಯನ್ನೂ ಬೆರೆಸಿಕೊಂಡಿದ್ದಾರೆ, ಅವರಿಗೆ ಗಾಳಿಯನ್ನು ತೂಗಿ ತೋರಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಅನಿಲಕ್ಕೆ ತೂಕವಿದೆ ಎಂಬುದನ್ನು ಅವರು ಆಗಲೇ ಒಪ್ಪಿದ್ದಾರೆ.

ಫ್ಲಾಸ್ಕು ಗಟ್ಟಿಯಾಗಿರಲಿ ಎಂದದ್ದಕ್ಕೂ ಕಾರಣವಿದೆ. ಅದರ ಬದಲು ಬಲೂನನ್ನು ಇಟ್ಟರೆ ಆವಿ ಅದನ್ನು ಸುಮಾರು ಅರ್ಧ ಲೀಟರಿನಷ್ಟು ಉಬ್ಬಿಸುತ್ತದೆ. ಅಷ್ಟು ಜಾಗದ ಸುತ್ತಲಿನ ಗಾಳಿಯ ತೂಕ ಸುಮಾರು 0.6 ಗ್ರಾಂ, ಅಷ್ಟೇ ಪ್ರಮಾಣದಲ್ಲಿ ಆ ಗಾಳಿ ಬಲೂನನ್ನು ಮೇಲಕ್ಕೆ ಒತ್ತುವುದರಿಂದ ತಕ್ಕಡಿಯ ಅಂಕಿ ನಿಜವಾಗಿಯೂ ಇಳಿಯುತ್ತದೆ. ಆಗ ತೂಕ ಕಡಿಮೆಯಾಗುತ್ತದೆ ಎಂದ ವಿದ್ಯಾರ್ಥಿಯ ತಪ್ಪು ಕಾರಣಕ್ಕೆ ಪ್ರಯೋಗವೇ ಬೆಂಬಲ ಕೊಟ್ಟಂತಾಗುತ್ತದೆ. ಅನಿಲಕ್ಕೆ ತೂಕವಿದೆ ಎಂದು ತೋರಿಸಲು ಬಲೂನನ್ನು ಊದಿ ತೂಗುವ ರೂಢಿಯಲ್ಲೂ ಇದೇ ದೋಷವಿದೆ. ಗಾಳಿ ತುಂಬಿದರೂ ಗಾತ್ರ ಬದಲಾಗದ ಗಟ್ಟಿ ಫುಟ್‌ಬಾಲಿಗೆ ಇನ್ನಷ್ಟು ಗಾಳಿ ಒತ್ತಿ ತೂಗುವುದು ಸರಿಯಾದ ದಾರಿ.

ಎರಡು ಹಂತದ ಪ್ರಶ್ನೆಗೂ ಮಿತಿಗಳಿವೆ. ಎರಡೂ ಹಂತಗಳಲ್ಲಿ ನಾಲ್ಕು ನಾಲ್ಕು ಆಯ್ಕೆಗಳಿದ್ದರೆ ಬರೀ ಊಹೆಯಿಂದ ಎರಡೂ ಸರಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದರಿಂದ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ ಎಂಬ ಲೆಕ್ಕ, ವಿದ್ಯಾರ್ಥಿ ಕಾರಣವನ್ನು ಓದಿ ಹಿಂತಿರುಗಿ ಉತ್ತರ ತಿದ್ದುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ತಪ್ಪು ಕಾರಣಕ್ಕೆ ಗುರುತು ಹಾಕಿದವನು ಅದನ್ನು ನಂಬಿದ್ದಾನೋ, ಏನೂ ತಿಳಿಯದೆ ಹಾಕಿದನೋ ಎಂಬುದು ಕಾಗದದಿಂದ ಗೊತ್ತಾಗುವುದಿಲ್ಲ. ಮೊದಲನೆಯವನ ವಿಚಾರವನ್ನು ಎದುರಿಸಬೇಕು, ಎರಡನೆಯವನಿಗೆ ಪಾಠ ಮಾಡಿದರೆ ಸಾಕು. ಸಿಂಗಪುರದ ಇಮೆಲ್ಡಾ ಕಾಲಿಯೋನ್ ಮತ್ತು ಆರ್. ಸುಬ್ರಮಣ್ಯಂ 2010ರಲ್ಲಿ ಉತ್ತರಕ್ಕೂ ಕಾರಣಕ್ಕೂ ಪ್ರತ್ಯೇಕವಾಗಿ ಎಷ್ಟು ಖಾತ್ರಿಯಿದೆ ಎಂದು ಕೇಳುವ ನಾಲ್ಕು ಹಂತದ ಪರೀಕ್ಷೆಯನ್ನು ಪ್ರಕಟಿಸಿದ್ದು ಈ ಭೇದಕ್ಕಾಗಿಯೇ. ಆದರೆ ಅಂಥ ಪ್ರಶ್ನೆಗೆ ಉತ್ತರಿಸಲು ಹೆಚ್ಚು ಸಮಯ ಬೇಕು, ಹಾಗಾಗಿ ಒಂದು ಅವಧಿಯಲ್ಲಿ ಕೇಳಬಹುದಾದ ಪ್ರಶ್ನೆಗಳು ಕಡಿಮೆಯಾಗುತ್ತವೆ. ಒಂದು ಘಟಕಕ್ಕೆ ಐದಾರು ಪ್ರಶ್ನೆ ಸಾಕೆನ್ನುವ ಶಿಕ್ಷಕರು ನಾಲ್ಕು ಹಂತವನ್ನು ಆರಿಸಬಹುದು. ಇಡೀ ವರ್ಷದ ವಿಷಯವನ್ನು ಒಮ್ಮೆಗೇ ಅಳೆಯುವ ಉದ್ದೇಶವಿದ್ದರೆ ಎರಡು ಹಂತದಲ್ಲೇ ನಿಲ್ಲಬೇಕಾಗುತ್ತದೆ.