ಡಿಸ್ಕಿನ ನಡುವೆ ಗುಡ್ಡದ ತುದಿ ಯಾಕೆ ಇರುವುದಿಲ್ಲ?

ಪ್ರಶ್ನೆ: `1 - x²` ಎಂಬ ಫಂಕ್ಷನ್ `x = 0` ಆದಾಗ ಅತಿ ದೊಡ್ಡದು. ಇದು ಶಾಲೆಯಲ್ಲೇ ಕಲಿತದ್ದು. ಆದರೆ ಸ್ಥಿರವಲ್ಲದ ಅನಲಿಟಿಕ್ ಫಂಕ್ಷನ್ನಿನ ಮಾಡ್ಯುಲಸ್ ಡಿಸ್ಕಿನ ಒಳಗೆ ಎಲ್ಲೂ ಗರಿಷ್ಠವಾಗುವುದಿಲ್ಲ, ಅಂಚಿನಲ್ಲಿ ಮಾತ್ರ ಆಗುತ್ತದೆ ಅಂತ ಪುಸ್ತಕ ಹೇಳುತ್ತದೆ. `1 - z²` ಕೂಡ ಅನಲಿಟಿಕ್ ತಾನೇ? ಹಾಗಾದರೆ ನಡುವಿನ ಆ ತುದಿ ಎಲ್ಲಿ ಹೋಯಿತು?

ಉತ್ತರ: ನೀವು ಸರಿಯಾದ ಉದಾಹರಣೆಯನ್ನೇ ಹಿಡಿದಿದ್ದೀರಿ. ಅದನ್ನೇ ಬಿಡಿಸಿ ನೋಡೋಣ. `|z| ≤ 1` ಎಂಬ ಡಿಸ್ಕ್ ತೆಗೆದುಕೊಳ್ಳಿ, `f(z) = 1 - z²` ಇರಲಿ. ನಡುವೆ ನಿಂತರೆ `|f(0)| = 1`. ಅಲ್ಲಿಂದ ಬಲಕ್ಕೆ 0.1 ದೂರ ಸರಿದರೆ ಬೆಲೆ `1 - 0.01 = 0.99`. ಎಡಕ್ಕೆ ಸರಿದರೂ ಅಷ್ಟೇ. ಈ ಸಾಲಿನಲ್ಲಿ ನೋಡಿದರೆ ನೀವು ನಿಂತಿರುವುದು ಗುಡ್ಡದ ತುದಿಯೇ.

ಈಗ ಮೇಲಕ್ಕೆ ಸರಿಯಿರಿ, ಅಂದರೆ `z = 0.1i`. ಇದರ ವರ್ಗ `-0.01`, ಹಾಗಾಗಿ `f(z) = 1.01`. ಬೆಲೆ ಜಾಸ್ತಿ ಆಯಿತು! ನಡುವೆ ಇದ್ದದ್ದು ತುದಿ ಅಲ್ಲ, ಕುದುರೆಯ ಜೀನಿನಂಥ ಜಾಗ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಏರು. `x` ಗೆರೆಯ ಮೇಲಷ್ಟೇ ನಡೆದವರಿಗೆ ಇಳಿಜಾರು ಮಾತ್ರ ಕಂಡಿತ್ತು.

ಇದು ಈ ಫಂಕ್ಷನ್ನಿಗೆ ಮಾತ್ರ ಒದಗಿದ ಅದೃಷ್ಟ ಅಲ್ಲ. ಕಾರಣ ಟೇಲರ್ ಸರಣಿಯಲ್ಲಿದೆ. ಒಳಗಿನ ಯಾವುದೇ ಬಿಂದು `a` ಹತ್ತಿರ, ಸ್ಥಿರವಲ್ಲದ ಅನಲಿಟಿಕ್ ಫಂಕ್ಷನ್ ಹೀಗಿರುತ್ತದೆ:

`f(a + h) = f(a) + c·hᵏ + (ಇನ್ನೂ ಸಣ್ಣ ಪದಗಳು)`

ಇಲ್ಲಿ `c` ಸೊನ್ನೆಯಲ್ಲದ ಮೊದಲ ಗುಣಾಂಕ. `a + h` ಅನ್ನು `a` ಸುತ್ತ ಒಂದು ಪುಟ್ಟ ವೃತ್ತದಲ್ಲಿ ಒಂದು ಸುತ್ತು ತಿರುಗಿಸಿ. ಆಗ `c·hᵏ` ಸೊನ್ನೆಯ ಸುತ್ತ `k` ಸುತ್ತು ಹಾಕುತ್ತದೆ. ಅದೊಂದು ಗಡಿಯಾರದ ಮುಳ್ಳು ಅಂದುಕೊಳ್ಳಿ. ಪೂರ್ತಿ ಸುತ್ತುವ ಮುಳ್ಳು ಎಲ್ಲ ದಿಕ್ಕಿಗೂ ಮುಖ ಮಾಡಲೇಬೇಕು. `f(a)` ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೂ ಒಮ್ಮೆಯಾದರೂ ಬರುತ್ತದೆ. ಆ ಕ್ಷಣದಲ್ಲಿ ಎರಡರ ಉದ್ದಗಳು ನೇರವಾಗಿ ಕೂಡಿಕೊಳ್ಳುತ್ತವೆ: `|f(a)| + |c|·|h|ᵏ`. ಉಳಿದ ಪದಗಳು ಇದನ್ನು ಕೆಡಿಸಲಾರವೇ? `|h|` ಅನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದಾಗಲೆಲ್ಲ ಅವು `hᵏ` ಪದಕ್ಕಿಂತ ಕನಿಷ್ಠ ಹತ್ತು ಪಟ್ಟು ಹೆಚ್ಚು ಕುಗ್ಗುತ್ತವೆ. ವೃತ್ತ ಸಾಕಷ್ಟು ಚಿಕ್ಕದಾದರೆ ಅವಕ್ಕೆ ಕೆಡಿಸುವ ಶಕ್ತಿ ಉಳಿಯುವುದಿಲ್ಲ.

ಅಂದರೆ ಒಳಗಿನ ಪ್ರತಿ ಬಿಂದುವಿನ ಪಕ್ಕದಲ್ಲೇ ಅದಕ್ಕಿಂತ ದೊಡ್ಡ ಬೆಲೆ ಇದ್ದೇ ಇದೆ. ಇನ್ನು ಅಂಚೂ ಸೇರಿದ ಡಿಸ್ಕಿನ ಮೇಲೆ `|f|` ನಿರಂತರವಾಗಿದ್ದರೆ ಎಲ್ಲೋ ಒಂದು ಕಡೆ ಗರಿಷ್ಠ ಬೆಲೆ ಸಿಗಲೇಬೇಕು. ಒಳಗೆ ಸಿಗದಿದ್ದರೆ ಉಳಿಯುವುದು ಅಂಚು ಮಾತ್ರ. ಹಲವು ಪುಸ್ತಕಗಳು ಕೋಶಿ ಸೂತ್ರದಿಂದ, ಸರಾಸರಿ ಹಿಡಿದು ಇದನ್ನು ಸಾಧಿಸಿ ತೋರಿಸುತ್ತವೆ. ಅದು ಚೊಕ್ಕವಾದ ದಾರಿ. ಆದರೆ ಕಾರಣ ಕಣ್ಣಿಗೆ ಕಾಣುವುದು ಈ ತಿರುಗುವ ಮುಳ್ಳಿನಲ್ಲಿ ಅಂತ ನನಗೆ ಅನಿಸುತ್ತದೆ.

ನಮ್ಮ ಉದಾಹರಣೆಗೆ ಅಂಚನ್ನು ಲೆಕ್ಕ ಹಾಕುವುದು ಸುಲಭ. `z = e^(iθ)` ಹಾಕಿದರೆ `|1 - z²| = 2|sin θ|` ಬರುತ್ತದೆ. `z = ±i` ಆದಾಗ ಇದು 2. ಇಡೀ ಡಿಸ್ಕಿನ ಗರಿಷ್ಠ ಬೆಲೆ ಇದೇ. ಅಂಚಿನ ಎಲ್ಲ ಬಿಂದುಗಳೂ ದೊಡ್ಡವು ಅಂತ ಮಾತ್ರ ತಿಳಿಯಬೇಡಿ: `z = ±1` ಆದಾಗ ಬೆಲೆ ಸೊನ್ನೆ.

ಅನಲಿಟಿಕ್ ಅನ್ನುವ ಷರತ್ತು ಯಾಕೆ ಬೇಕು ಅನ್ನುವುದೂ ಈಗ ಕಾಣುತ್ತದೆ. `1 - |z|²` ತೆಗೆದುಕೊಳ್ಳಿ. ಇದಕ್ಕೆ ನಡುವೆ ನಿಜವಾದ ತುದಿ ಇದೆ. `h` ಎಷ್ಟೇ ತಿರುಗಿದರೂ `|h|²` ತಿರುಗುವುದಿಲ್ಲ, ಸುಮ್ನೆ ಧನ ಸಂಖ್ಯೆಯಾಗಿಯೇ ನಿಲ್ಲುತ್ತದೆ. ಹಾಗಾಗಿ ಕಳೆಯುವುದು ಎಲ್ಲ ದಿಕ್ಕಿನಲ್ಲೂ ಕಳೆಯುವುದೇ ಆಗುತ್ತದೆ.

ಕನಿಷ್ಠಕ್ಕೂ ಇದೇ ನಿಯಮವೇ ಅಂತ ಹಲವರು ಕೇಳುತ್ತಾರೆ. ಅಷ್ಟು ಸರಳವಾಗಿ ಅಲ್ಲ. `f(z) = z` ನಡುವೆಯೇ ಸೊನ್ನೆ ಆಗುತ್ತದೆ. ಡಿಸ್ಕಿನಲ್ಲಿ `f` ಎಲ್ಲೂ ಸೊನ್ನೆಯಾಗದಿದ್ದರೆ `1/f` ಕೂಡ ಅನಲಿಟಿಕ್. ಆಗ ಕನಿಷ್ಠ ಬೆಲೆಯೂ ಅಂಚಿಗೇ ಹೋಗುತ್ತದೆ.

ಡಿಸ್ಕಿನ ಬದಲು ಕೊನೆಯಿಲ್ಲದ ಪ್ರದೇಶ ತೆಗೆದುಕೊಂಡರೆ ಒಂದು ಎಚ್ಚರ ಬೇಕು. ಬಲ ಅರ್ಧಸಮತಲದಲ್ಲಿ `e^z` ನೋಡಿ. ಅಂಚು ಅಂದರೆ ಕಾಲ್ಪನಿಕ ಅಕ್ಷ. ಅಲ್ಲಿ ಮಾಡ್ಯುಲಸ್ ಎಲ್ಲೆಲ್ಲೂ 1. ಒಳಗೆ ಅದು `eˣ`, ಬಲಕ್ಕೆ ಹೋದಷ್ಟೂ ಬೆಳೆಯುತ್ತಲೇ ಇರುತ್ತದೆ. ಇಲ್ಲಿಯೂ ಒಳಗಡೆ ತುದಿ ಇಲ್ಲ, ಆ ಭಾಗ ಸರಿಯಾಗಿಯೇ ಇದೆ. ಆದರೆ ಗರಿಷ್ಠ ಬೆಲೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯೇ ಇಲ್ಲಿ ಇಲ್ಲ, ಅದಕ್ಕೇ ಅಂಚಿನ ಬೆಲೆ ಒಳಗಿನದನ್ನು ತಡೆಯಲಾರದು.